ಎದುರಿಗೆ ಕುಳಿತವರು ಯಾರು?

(ಶ್ರಾವಣದ ಪ್ರವಚನಕ್ಕೆ ಹಳ್ಳಿಹಳ್ಳಿಗೆ ಹೊರಡಲಿರುವ ಹೊಸ ಪ್ರವಚನಕಾರರ ಮುಂದೆ ಭಾಲ್ಕಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಪ್ರವಚನದಲ್ಲಿ ಏನು ಹೇಳಬೇಕು ಎಂಬುದನ್ನು ನೀವೆಲ್ಲ ಕಲಿತಿದ್ದೀರಿ. ಏನನ್ನು ಬಿಡಬೇಕು, ಅದನ್ನು ಹೇಗೆ ತೀರ್ಮಾನಿಸಬೇಕು ಎಂಬುದಷ್ಟೇ ಇಂದಿನ ನನ್ನ ಮಾತು. ಅದಕ್ಕೆ ಒಂದೇ ವಿಷಯ ತೆಗೆದುಕೊಳ್ಳುತ್ತೇನೆ: ಮುಹೂರ್ತ ನೋಡದೆ ಮದುವೆ ಮಾಡುವುದು. ಇದೇ ವಿಷಯವನ್ನು ಬೀದರ್ ನಗರದಲ್ಲಿ, ಇಲ್ಲಿ ಭಾಲ್ಕಿಯಲ್ಲಿ, ಆಚೆ ಔರಾದಿನ ಒಂದು ಹಳ್ಳಿಯಲ್ಲಿ, ತಲಾ ನಲವತ್ತು ನಿಮಿಷ ಮಾತಾಡಬೇಕಾಗಿದೆ ಎಂದುಕೊಳ್ಳಿ. ಮೂರೂ ಕಡೆ ತತ್ವ ಒಂದೇ. ಆದರೆ ಮೂರೂ ಕಡೆ ಒಂದೇ ಮಾತು ಆಡಿದರೆ ಎರಡು ಕಡೆ ಅದು ಗಾಳಿಗೆ ಹೋಗುತ್ತದೆ.

ಒಂದು ಹಾಳೆಯ ಮೇಲೆ ಮೂರು ಸಾಲು ಮಾಡಿಕೊಳ್ಳಿ. ಮೊದಲನೆಯದು, ಇವರಿಗೆ ಈಗಾಗಲೇ ಏನು ಗೊತ್ತಿದೆ. ಎರಡನೆಯದು, ಇವರಿಗೆ ಏನು ಬೇಕಾಗಿದೆ. ಮೂರನೆಯದು, ಇವರು ಎಲ್ಲಿ ಅಡ್ಡ ಮಾತಾಡುತ್ತಾರೆ. ಈ ಮೂರೂ ತುಂಬುವವರೆಗೆ ಪ್ರವಚನದ ಟಿಪ್ಪಣಿ ಬರೆಯಬೇಡಿ.

ತುಂಬುವುದು ಹೇಗೆ? ಕರೆದವರಿಗೆ ಫೋನ್ ಮಾಡಿ. ಎಷ್ಟು ಜನ ಬರುತ್ತಾರೆ ಎಂದು ಮಾತ್ರ ಕೇಳಿದರೆ ಕುರ್ಚಿಯ ಲೆಕ್ಕ ಸಿಗುತ್ತದೆ, ಮನಸ್ಸಿನ ಲೆಕ್ಕ ಸಿಗುವುದಿಲ್ಲ. ಹೋದ ವರ್ಷ ಯಾರು ಬಂದು ಏನು ಹೇಳಿದರು? ಮಾತು ಮುಗಿದ ಮೇಲೆ ಜನ ಏನು ಕೇಳಿದರು? ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ? ಈ ವರ್ಷ ಊರಲ್ಲಿ ಯಾರ ಮನೆಯಲ್ಲಿ ಮದುವೆ ಇದೆ? ಈ ನಾಲ್ಕು ಸಾಕು. ಆದರೆ ಕರೆದವರು ತಮ್ಮ ಮನಸ್ಸಿನಲ್ಲಿ ಇದ್ದುದನ್ನೇ ಊರಿನ ಮನಸ್ಸು ಎಂದು ಹೇಳುವುದುಂಟು. ಅದಕ್ಕೆ ಒಂದು ತಾಸು ಮೊದಲೇ ಹೋಗಿ, ಒಬ್ಬ ಹಿರಿಯ ತಾಯಿಯನ್ನೂ ಒಬ್ಬ ಹುಡುಗನನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಮೂವರ ಮಾತೂ ಕೂಡಿದರೆ ನಂಬಿ. ಕೂಡದಿದ್ದರೆ ಆ ತಾಯಿಯ ಮಾತನ್ನು ಹಿಡಿಯಿರಿ, ಏಕೆಂದರೆ ಮದುವೆಯ ತೀರ್ಮಾನ ಆಗುವುದು ಅಡುಗೆಮನೆಯಲ್ಲಿ.

ಈಗ ಬೀದರ್ ನಗರಕ್ಕೆ ಬನ್ನಿ. ಅಲ್ಲಿ ನೌಕರರು, ನಿವೃತ್ತ ಮಾಸ್ತರರು, ಕಾಲೇಜಿನ ಮಕ್ಕಳು ಬಂದಿರುತ್ತಾರೆ. ಶರಣರು ಶುಭ ಅಶುಭ ದಿನ ಒಪ್ಪಲಿಲ್ಲ ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತು. ಅದನ್ನು ಇಪ್ಪತ್ತು ನಿಮಿಷ ಸಾಧಿಸುತ್ತ ಕುಳಿತರೆ ಅವರು ಗಡಿಯಾರ ನೋಡುತ್ತಾರೆ. ಅವರಿಗೆ ಬೇಕಾದದ್ದು ಕ್ರಮ: ಯಾರು ಮುಂದೆ ನಿಂತು ನಡೆಸುತ್ತಾರೆ, ವಚನ ಪಠಣ ಯಾವಾಗ, ವಧು ವರರು ಪ್ರತಿಜ್ಞೆ ಹೇಗೆ ಮಾಡುತ್ತಾರೆ, ಅಕ್ಕಿಯ ಬದಲು ಹೂವು ಯಾವ ಹೊತ್ತಿಗೆ, ಒಟ್ಟು ಎಷ್ಟು ಸಮಯ. ಅವರ ಅಡ್ಡ ಮಾತು ಕೂಡ ತತ್ವದ್ದಲ್ಲ. "ನಾವು ಒಪ್ತೀವಿ, ಬೀಗರು ಒಪ್ಪಬೇಕಲ್ಲ" ಎಂಬುದು ಅದು. ಹಾಗಾಗಿ ಅಲ್ಲಿ ತತ್ವಕ್ಕೆ ಐದು ನಿಮಿಷ, ಕ್ರಮಕ್ಕೆ ಇಪ್ಪತ್ತು, ಬೀಗರ ಜೊತೆ ಮಾತು ಎತ್ತುವ ಬಗೆಗೆ ಹದಿನೈದು. ರಜೆಯ ದಿನ ಎಲ್ಲ ನೆಂಟರೂ ಬರುತ್ತಾರೆ, ಮುಹೂರ್ತದ ದಿನ ಕಲ್ಯಾಣ ಮಂಟಪಕ್ಕೆ ಎಲ್ಲರೂ ಮುಗಿಬೀಳುತ್ತಾರೆ ಎಂಬ ಮಾತನ್ನು ಬೀಗರೂ ಕಿವಿಗೊಟ್ಟು ಕೇಳುತ್ತಾರೆ.

ಭಾಲ್ಕಿಯ ಕೇಳುಗರು ಬೇರೆ. ಮಠದ ನೆರಳಲ್ಲಿ ಬೆಳೆದವರಿಗೆ ತತ್ವವೂ ಗೊತ್ತು, ಇಂಥ ಮದುವೆಗಳನ್ನು ಕಣ್ಣಾರೆ ಕಂಡೂ ಇದ್ದಾರೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಕಥೆ ಎತ್ತಿದ ಕೂಡಲೇ ತಲೆ ಆಡಿಸುತ್ತಾರೆ. ಆ ತಲೆಯಾಟವನ್ನು ಮೆಚ್ಚುಗೆ ಎಂದು ತಿಳಿಯಬೇಡಿ. ಮುಂದಿನದೂ ಗೊತ್ತಿದೆ ಎಂದು ಅದರ ಅರ್ಥ. ಅವರ ತೊಡಕು ಇರುವುದು ನುಡಿ ಮತ್ತು ನಡೆಯ ನಡುವೆ. ಬೇರೆಯವರ ಮದುವೆಯಲ್ಲಿ ವಚನ ಹಾಡಿದವರೇ ತಮ್ಮ ಮಗಳ ಮದುವೆ ಬಂದಾಗ ಸದ್ದಿಲ್ಲದೆ ಪಂಚಾಂಗ ತೆಗೆಸುತ್ತಾರೆ. ಕಾರಣ ಅಜ್ಞಾನವಲ್ಲ, ಭಯ. "ನಾಳೆ ಏನಾದರೂ ಆದರೆ ನಿನ್ನಿಂದಲೇ ಆಯಿತು ಅಂತಾರೆ" ಎಂಬ ಭಯ. ಇಲ್ಲಿ ಕಥೆ ಬಿಡಿ, ಕ್ರಮ ಬಿಡಿ. ಆ ಭಯವನ್ನು ಅವರದೇ ಮಾತಿನಲ್ಲಿ ಮೊದಲ ಐದು ನಿಮಿಷದಲ್ಲೇ ಎತ್ತಿ. ಮುಹೂರ್ತ ನೋಡಿ ಮಾಡಿದ ಮನೆಯಲ್ಲೂ ಕಷ್ಟ ಬಂದಿಲ್ಲವೇ ಎಂದು ಕೇಳಿ, ಉತ್ತರವನ್ನು ಅವರಿಗೇ ಬಿಡಿ. ಉಳಿದ ಹೊತ್ತು ಮುಹೂರ್ತ ಬಿಟ್ಟು ಮದುವೆ ಮಾಡಿದ ಮನೆಯವರನ್ನೇ, ಅವರು ಒಪ್ಪಿದರೆ, ಎದ್ದು ನಿಲ್ಲಿಸಿ ಮಾತಾಡಿಸಿ.

ಔರಾದಿನ ಕಡೆ ಹೆಚ್ಚು ಎಚ್ಚರ ಬೇಕು. ಗಡಿಯ ಊರುಗಳಲ್ಲಿ ಅನೇಕ ಮನೆಗಳ ಮಾತು ಮರಾಠಿ. ಸಂತೆ, ನೆಂಟಸ್ತಿಕೆ ಎರಡೂ ಉದಗೀರ, ದೇಗಲೂರಿನ ಕಡೆಗೆ. ವಚನಗಳಿಗಿಂತ ಅಭಂಗ ಹೆಚ್ಚು ಬಾಯಿಗೆ ಬರುವ ಹಿರಿಯರೂ ಇರುತ್ತಾರೆ. ವಚನವನ್ನು ಒಮ್ಮೆ ಕನ್ನಡದಲ್ಲಿ ಹೇಳಿ, ಅರ್ಥವನ್ನು ಅವರ ಮಾತಿನಲ್ಲಿ ಹೇಳಿ. ಅಂದರೆ ನಲವತ್ತು ನಿಮಿಷ ಇಪ್ಪತ್ತೈದು ಆಯಿತು. ಶ್ರಾವಣದಲ್ಲಿ ಹೆಸರು, ಉದ್ದಿನ ರಾಶಿ ಹತ್ತಿರ ಬಂದಿರುತ್ತದೆ. ದಣಿದು ಬಂದವರಿಗೆ ಒಂದೇ ವಿಷಯ ಸಾಕು.

ಅಲ್ಲಿ ಏಳುವ ಅಡ್ಡ ಮಾತು ಪುಸ್ತಕದಲ್ಲಿ ಸಿಗುವುದಿಲ್ಲ. ನೀವು ಪಂಚಾಂಗವೆಲ್ಲ ಸುಳ್ಳು ಎಂದು ಬೀಸಿ ಹೇಳಿದಿರೋ, ಹಿಂದಿನಿಂದ ಒಬ್ಬ ಒಕ್ಕಲಿಗ ಕೇಳುತ್ತಾನೆ: "ಹಾಗಾದರೆ ಮೃಗ ಮಳೆ ನೋಡಿ ಬಿತ್ತೋದೂ ತಪ್ಪೇನ್ರಿ ಅಪ್ಪಾ?" ಉತ್ತರ ಸಿದ್ಧವಿರದಿದ್ದರೆ ಅಂದಿನ ಪ್ರವಚನ ಅಲ್ಲಿಗೇ ಮುಗಿಯಿತು. ಮಳೆ ನಕ್ಷತ್ರ ಸೂರ್ಯನ ನಡೆಯ ಲೆಕ್ಕ. ವರ್ಷವನ್ನು 27 ಪಾಲು ಮಾಡಿದರೆ ಒಂದೊಂದು ಸುಮಾರು 13-14 ದಿನ. ಅದಕ್ಕೇ ಮೃಗ ಪ್ರತಿ ವರ್ಷ ಜೂನ್ ಮೊದಲ ವಾರದ ಕೊನೆಗೆ ಬರುತ್ತದೆ. ಅದು ಹಂಗಾಮಿನ ಲೆಕ್ಕ, ಹಣೆಬರಹದ ಲೆಕ್ಕವಲ್ಲ. ಮತ್ತೆ, ಮೃಗ ಬಂದ ಮಾತ್ರಕ್ಕೆ ಯಾರೂ ತೊಗರಿ ಬಿತ್ತುವುದಿಲ್ಲ. ಮಣ್ಣು ಹಿಡಿದು ಹದ ನೋಡಿಯೇ ಕೂರಿಗೆ ಹೂಡುತ್ತಾರೆ. "ಹೊಲಕ್ಕೆ ಹದ ನೋಡುವ ನೀವು ಮದುವೆಗೂ ಹದ ನೋಡಿ: ಹುಡುಗ ಹುಡುಗಿ ಒಪ್ಪಿದ್ದಾರೆಯೇ, ವಯಸ್ಸು ಆಗಿದೆಯೇ, ಸಾಲವಿಲ್ಲದೆ ಆಗುತ್ತದೆಯೇ?" ಎಂದು ಹೇಳಿ. ಅಡ್ಡ ಬಂದ ಮಾತೇ ಪ್ರವಚನದ ತಿರುಳಾಯಿತು.

ಇನ್ನೊಂದು. ಊರಿನ ಮಠಪತಿ ಮುಂದಿನ ಸಾಲಿನಲ್ಲಿ ಕುಳಿತಿರಬಹುದು. ಮುಹೂರ್ತದ ಮಾತು ಅವರ ಹೊಟ್ಟೆಪಾಡಿನ ಮಾತೂ ಹೌದು. ಅವರನ್ನು ಸಭೆಯಲ್ಲಿ ಹಂಗಿಸಿದರೆ ಊರು ಅವರ ಪಕ್ಕಕ್ಕೆ ನಿಲ್ಲುತ್ತದೆ. ಮೊದಲೇ ಅವರ ಮನೆಗೆ ಹೋಗಿ, ವಚನದ ಮದುವೆಯನ್ನು ನಡೆಸಿಕೊಡಲು ಅವರನ್ನೇ ಕೇಳಿ.

ಇದು ಜನರಿಗೆ ಬೇಕಾದ್ದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುವ ಉಪಾಯವೇ ಎಂದು ನೀವು ಕೇಳಬಹುದು. ಅಲ್ಲ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಸೀಮೆಗೆಲ್ಲ ಗೊತ್ತು. ಯಾರಿಂದ ಯಾವ ಅಡ್ಡಿ ಬರುತ್ತದೆ ಎಂದು ಅರಿತು ಫಲಕ ಬದಲಿಸಿದರು, ಪಾಠ ಬದಲಿಸಲಿಲ್ಲ. ನಿಮ್ಮ ಹಾಳೆಯ ಮೂರು ಸಾಲು ಬಾಗಿಲು ಯಾವುದು, ಮೊದಲು ಏನು, ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸಲಿ. ಮುಹೂರ್ತ ಬೇಕಿಲ್ಲ ಎಂಬ ಮಾತನ್ನೇ ಬಿಡುವ ಹಾಗಾದರೆ ಆ ಹಾಳೆ ಹರಿದುಹಾಕಿ.

ಲೆಕ್ಕ ಸರಿಯಾಯಿತೋ ಇಲ್ಲವೋ ಎಂಬುದು ಪ್ರಸಾದದ ಪಂಕ್ತಿಯಲ್ಲಿ ತಿಳಿಯುತ್ತದೆ. "ಚೆನ್ನಾಗಿ ಮಾತಾಡಿದಿರಿ" ಎಂದಷ್ಟೇ ಅಂದರೆ ಏನೂ ತಾಗಿಲ್ಲ. ನೀವು ಹೇಳದೆ ಇದ್ದುದನ್ನೇ ಎಲ್ಲರೂ ಕೇಳಿದರೆ ಎರಡನೆಯ ಸಾಲು ತಪ್ಪಿದೆ. ಯಾರಾದರೂ ಪಕ್ಕಕ್ಕೆ ಕರೆದು "ನಮ್ಮ ಹುಡುಗಿಯದು ಮುಂದಿನ ತಿಂಗಳು ಇದೆ, ಭಾನುವಾರ ಇಟ್ಟರೆ ನಡೀತದಾ?" ಎಂದು ಕೇಳಿದರೆ ಸರಿಯಾಗಿದೆ. ಆ ಪ್ರಶ್ನೆಗಳನ್ನು ಅದೇ ಹಾಳೆಯ ಹಿಂದೆ ಬರೆದಿಟ್ಟು, ಮುಂದಿನ ವರ್ಷ ಅಲ್ಲಿಗೆ ಹೋಗುವವರ ಕೈಗೆ ಕೊಡಿ.