ತೊಗರಿಯ ಬೆಲೆ ಮತ್ತು ನಮ್ಮ ಕೂರಿಗೆ
(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘದ ಸಾಧನೆ ಹೇಳುವುದು ವಾಡಿಕೆ. ಅದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾವು ಇವತ್ತು ನಮ್ಮದೇ ಒಂದು ತಪ್ಪಿನ ವಿಷಯ ಮಾತಾಡಬೇಕು ಅಂತ ನಿಂತಿದ್ದೇವೆ. ಕಲಬುರಗಿ ಸೀಮೆಯವರಾದ ನಮಗೆ ತೊಗರಿ ಬಿಟ್ಟರೆ ಬೇರೆ ಮಾತಿಲ್ಲ. ಆದ್ದರಿಂದ ತೊಗರಿಯ ಲೆಕ್ಕವನ್ನೇ ಹಿಡಿಯೋಣ.

2015ನೇ ಇಸವಿ ನೆನಪು ಮಾಡಿಕೊಳ್ಳಿ. 2014ರಲ್ಲಿ ಮಳೆ ಕಡಿಮೆ, 2015ರಲ್ಲೂ ಕಡಿಮೆ. ಆ ವರ್ಷ ಅಕ್ಟೋಬರದಲ್ಲಿ ಪಟ್ಟಣದ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಕಿಲೋಕ್ಕೆ 200 ರೂಪಾಯಿ ತನಕ ಹೋಯಿತು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು. ನಮ್ಮ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಆದರೆ ಅಕ್ಟೋಬರದಲ್ಲಿ ನಮ್ಮಲ್ಲಿ ಯಾರ ಮನೆಯಲ್ಲಿ ತೊಗರಿ ಇತ್ತು? ತೊಗರಿ ಆಗ ಹೊಲದಲ್ಲಿ ಹೂವಿಗೆ ಬರುವ ಹೊತ್ತು. ಹೋದ ವರ್ಷದ ಮಾಲು ಮಾರಿ ತಿಂಗಳುಗಳೇ ಆಗಿದ್ದವು. ನಾವು ಕಣ್ಣಾರೆ ಕಂಡ ಆ ಬೆಲೆ ನಮ್ಮ ಕೈಗೆ ಸಿಕ್ಕ ಬೆಲೆ ಆಗಿರಲಿಲ್ಲ. ಆದರೂ ಮರುವರ್ಷ ಬಿತ್ತುವಾಗ ತಲೆಯಲ್ಲಿ ಕೂತಿದ್ದು ಅದೇ 200.

2016ರ ಮೃಗಶಿರಾ ಮಳೆ ಬಿದ್ದಾಗ ನಾವೆಲ್ಲಾ ಏನು ಮಾಡಿದೆವು? ಹೆಸರು, ಉದ್ದಿಗೆ ಬಿಡುತ್ತಿದ್ದ ಹೊಲಕ್ಕೂ ತೊಗರಿ ಹಾಕಿದೆವು. ಹಿಂಗಾರಿ ಜೋಳಕ್ಕೆ ಇಟ್ಟಿದ್ದ ನೆಲವನ್ನೂ ಬಿಡಲಿಲ್ಲ. ಕೆಲವರು ಪಕ್ಕದವರ ಹೊಲ ಲಾವಣಿಗೆ ಹಿಡಿದರು. ಒಬ್ಬ ಹಿರಿಯರು ಬೀಜ ಒಯ್ಯಲು ಬಂದಾಗ, "ಕಾಕಾ, ಈ ಸಲ ಜ್ವಾಳ ಬಿತ್ತಂಗಿಲ್ಲೇನ್ರಿ?" ಅಂತ ಕೇಳಿದರೆ, "ಜ್ವಾಳ ಕೊಂಡು ತಿಂದ್ರಾತು ಬಿಡೋ ತಮ್ಮಾ" ಅಂದರು. ಅವರದು ತಪ್ಪು ಅನ್ನುವಂತಿಲ್ಲ. ಅವರ ಒಂದು ಹೊಲದಿಂದ ದೇಶದ ಬೆಲೆ ಬೀಳುವುದಿಲ್ಲ. ಆದರೆ ಅದೇ ಮಾತನ್ನು ಅದೇ ವಾರ ವಿದರ್ಭದಲ್ಲಿ, ಮರಾಠವಾಡದಲ್ಲಿ, ತೆಲಂಗಾಣದಲ್ಲಿ ಲಕ್ಷಾಂತರ ಮಂದಿ ಆಡುತ್ತಿದ್ದರು. ಒಬ್ಬರ ಕೂರಿಗೆ ಒಬ್ಬರಿಗೆ ಕಾಣುವುದಿಲ್ಲ. ಎಲ್ಲರಿಗೂ ಕಾಣುವುದು ಹೋದ ವರ್ಷದ ಬೆಲೆ ಒಂದೇ.

ಪರಿಣಾಮ ಸರ್ಕಾರದ ಅಂಕಿ ಅಂಶದಲ್ಲೇ ಇದೆ. 2015-16ರಲ್ಲಿ ದೇಶದಲ್ಲಿ ತೊಗರಿ ಬಿತ್ತಿದ್ದು ಸುಮಾರು 40 ಲಕ್ಷ ಹೆಕ್ಟೇರು, ಬೆಳೆದದ್ದು ಸುಮಾರು 26 ಲಕ್ಷ ಟನ್. 2016-17ರಲ್ಲಿ ಬಿತ್ತಿದ್ದು ಸುಮಾರು 53 ಲಕ್ಷ ಹೆಕ್ಟೇರು, ಬೆಳೆದದ್ದು 48 ಲಕ್ಷ ಟನ್ನಿಗೂ ಮೇಲೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೆಲ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲಿನಷ್ಟು. ಮಾಲು ಹೆಚ್ಚಿದ್ದು ಹತ್ತಿರ ಹತ್ತಿರ ಎರಡು ಪಟ್ಟು. ಇದು ಹೇಗೆ? ಬರಗಾಲದ ಬೆಲೆ ನೋಡಿ ನಾವು ನೆಲ ಹೆಚ್ಚು ಮಾಡಿದೆವು, ಅದೇ ವರ್ಷ ಮಳೆಯೂ ತಿರುಗಿ ಬಂತು. ಎಕರೆ ಇಳುವರಿಯೂ ಏರಿತು. ಬೆಲೆ ಏರಿಸಿದ್ದೇ ಮಳೆ ಇಲ್ಲದ್ದು. ಮಳೆ ಬಂದ ದಿನವೇ ಆ ಬೆಲೆಯ ಬೇರು ಕಿತ್ತಂತೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೇಳೆ ಅಗ್ಗವಾಯಿತೆಂದು ಯಾರೂ ದಿನಕ್ಕೆ ನಾಲ್ಕು ಹೊತ್ತು ಸಾರು ಉಣ್ಣುವುದಿಲ್ಲ. ಉಣ್ಣುವ ಬಾಯಿ ಅಷ್ಟೇ, ಮಾಲು ಮಾತ್ರ ಎರಡು ಪಟ್ಟು. ಹೀಗಾಗಿ ಮಾಲು ಹೆಚ್ಚಾದ ಪ್ರಮಾಣಕ್ಕಿಂತ ಜೋರಾಗಿ ಬೆಲೆ ಕುಸಿಯುತ್ತದೆ. ಇದರ ಮೇಲೆ, ಬೆಲೆ ಏರಿದ್ದಾಗ ಸರ್ಕಾರ ಮೊಜಾಂಬಿಕ್ ದೇಶದ ಜೊತೆ 2016ರಲ್ಲಿ ಆಮದು ಒಪ್ಪಂದ ಮಾಡಿಕೊಂಡಿತ್ತು. ನಾವು ರಾಶಿ ಮಾಡುವ ಹೊತ್ತಿಗೆ ಹೊರಗಿನ ಮಾಲೂ ದೇಶದೊಳಗೆ ಇತ್ತು. ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟಿನಲ್ಲಿ. ಅಷ್ಟರಲ್ಲಿ ನಮ್ಮ ಮಾಲು ಗಂಜಿಗೆ ಹೋಗಿ ಆಗಿತ್ತು.

ಎಕರೆಗೆ ಏನಾಯಿತು ಎಂಬುದನ್ನು ತಿಳಿಯಲು ಸುಲಭದ ಅಂಕಿ ಹಿಡಿಯೋಣ. ಬರದ ವರ್ಷ ಎಕರೆಗೆ 3 ಕ್ವಿಂಟಲ್ ಬಂದು 9,000ಕ್ಕೆ ಮಾರಿದರೆ 27,000 ರೂಪಾಯಿ. ಬಿತ್ತನೆ, ಕಳೆ, ಔಷಧ, ಕೊಯ್ಲು, ರಾಶಿ ಎಲ್ಲಾ ಸೇರಿ 15,000 ಖರ್ಚು ಅಂದರೆ ಉಳಿದದ್ದು 12,000. ಒಳ್ಳೇ ಮಳೆಯ ವರ್ಷ 5 ಕ್ವಿಂಟಲ್ ಬಂದು 4,300ಕ್ಕೆ ಹೋದರೆ 21,500. ಅದೇ ಖರ್ಚು ಕಳೆದರೆ ಉಳಿಯುವುದು 6,500. ಹೆಚ್ಚು ಕೊಯ್ದು, ಹೆಚ್ಚು ಹೊತ್ತು, ಹೆಚ್ಚು ಹಮಾಲಿ ಕೊಟ್ಟು ಅರ್ಧ ದುಡ್ಡು. ಸ್ವಂತ ಹೊಲದವರು ಹೇಗೋ ತಡೆದುಕೊಂಡಾರು. ಹೋದ ವರ್ಷದ ಬೆಲೆ ನೋಡಿ ಎಕರೆಗೆ 8,000 ಲಾವಣಿ ಕೊಟ್ಟವನಿಗೆ ಎಕರೆಗೆ 1,500 ಕೈಯಿಂದಲೇ ಹೋಯಿತು. ಪೆಟ್ಟು ಬೀಳುವುದು ಹೆಚ್ಚಾಗಿ ಈ ಕೊನೆಗೆ ಸೇರಿಸಿದ ಎಕರೆಗಳಲ್ಲೇ.

ಆ ಸಲ ಬೆಂಬಲ ಬೆಲೆ ಬೋನಸ್ ಸೇರಿ 5,050 ಇತ್ತು. ಪೇಟೆ ದರ ಅದಕ್ಕಿಂತ ಕೆಳಗೆ. ಸಹಜವಾಗಿ ಎಲ್ಲರೂ ಖರೀದಿ ಕೇಂದ್ರಕ್ಕೆ ಬಂದರು. ನಮ್ಮ ಸಂಘದ ಮುಂದೆ ಟ್ರ್ಯಾಕ್ಟರು ಸಾಲುಗಟ್ಟಿದ್ದು ನಿಮಗೆ ಗೊತ್ತು. ಗೋಣಿಚೀಲ ಬರಲಿಲ್ಲ, ಚೀಲ ಬಂದರೆ ಗೋದಾಮು ಖಾಲಿ ಇಲ್ಲ. ಮಾರ್ಚಿ ತಿಂಗಳ ಸಾಲದ ಗಡುವು ಇದ್ದವರು ಕಾಯಲಾರದೆ ದಲಾಲಿ ಅಂಗಡಿಗೆ ಹಾಕಿದರು. ಬೈದರು ಕೂಡ. ಬೈಸಿಕೊಳ್ಳುವುದು ನಮ್ಮ ಪಾಲಿಗಿತ್ತು, ಬಿಡಿ.

ಪೆಟ್ಟು ಅಲ್ಲಿಗೆ ಮುಗಿಯಲಿಲ್ಲ. ತೊಗರಿ ಮೇಲೆ ತೊಗರಿ ಬಿತ್ತಿದ ಹೊಲದಲ್ಲಿ ಸೊರಗು ರೋಗ ಹೆಚ್ಚಾಗುತ್ತದೆ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಳೇ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಜೋಳ ಹಾಕಿ ಬೆಳೆ ಬದಲಿಸುತ್ತಿದ್ದುದು ಸುಮ್ಮನೆ ಅಲ್ಲ.

ಅರ್ಥಶಾಸ್ತ್ರದವರು ಇದಕ್ಕೆ ಜೇಡರ ಬಲೆ ಅಂತ ಹೆಸರಿಟ್ಟಿದ್ದಾರೆ. ಜರ್ಮನಿಯ ಹನಾವು ಎಂಬವರು 1920ರ ದಶಕದಲ್ಲೇ ಹಂದಿ ಸಾಕುವವರಲ್ಲಿ ಇದೇ ಏರಿಳಿತ ಕಂಡು ಬರೆದರು. ಬೆಲೆ, ಬೆಳೆ ಎರಡನ್ನೂ ಕಾಗದದ ಮೇಲೆ ಗೆರೆ ಎಳೆದರೆ ಬಲೆಯ ಹಾಗೆ ಸುತ್ತುತ್ತದಂತೆ. ನಿರ್ಧಾರ ಇವತ್ತು, ಮಾಲು ಆರು ತಿಂಗಳ ಮೇಲೆ, ನಡುವೆ ತಿದ್ದಿಕೊಳ್ಳಲು ದಾರಿ ಇಲ್ಲ. ಇರುವ ಗುಟ್ಟು ಇಷ್ಟೇ.

ಒಮ್ಮೆ ಕಲಿತೆವು ಅಂದುಕೊಂಡರೆ ಅದೂ ಇಲ್ಲ. 2023ರ ಕೊನೆ, 2024ರ ಮೊದಲರ್ಧದಲ್ಲಿ ಕ್ವಿಂಟಲಿಗೆ 10,000 ದಾಟಿದ್ದು ಕಂಡೆವು. 2024ರ ಮುಂಗಾರಿನಲ್ಲಿ ಮತ್ತೆ ನೆಲ ಹೆಚ್ಚಿತು. 2021ರಿಂದ ಆಮದೂ ಬಿಡುಬೀಸಾಗಿತ್ತು. 2025ರ ಜನವರಿಗೆ ದರ ಇಳಿದು 7,550ರ ಬೆಂಬಲ ಬೆಲೆಯ ಅಕ್ಕಪಕ್ಕಕ್ಕೆ ಬಂತು.

ಹಾಗಾದರೆ ಮೊದಲೇ ಗೊತ್ತಾಗುವುದು ಹೇಗೆ? ಕೃಷಿ ಇಲಾಖೆಯ ಬಿತ್ತನೆ ವರದಿ ಬರುವಷ್ಟರಲ್ಲಿ ಬೀಜ ನೆಲದಲ್ಲಿರುತ್ತದೆ. ಆದರೆ ಮೇ ತಿಂಗಳಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ಹೋದ ವರ್ಷ ಬೆಲೆ ಏರಿದ್ದು ಯಾಕೆ? ಮಳೆ ಕೈಕೊಟ್ಟು ಮಾಲು ಕಡಿಮೆಯಾಗಿ ಏರಿದ್ದಾದರೆ ಅದು ಒಂದು ಒಳ್ಳೇ ಮಳೆಯ ತನಕದ ಬೆಲೆ. ಅಂಥ ವರ್ಷ ಯಾವಾಗಿನಷ್ಟೇ ತೊಗರಿ ಬಿತ್ತಿ, ಲಾವಣಿ ಹೊಲಕ್ಕೆ ಕೈ ಹಾಕದಿರುವುದು ಲೇಸು. ಎರಡನೆಯದು ನಮ್ಮ ಬೀಜದ ಕೌಂಟರು. ಎಕರೆಗೆ ನಾಲ್ಕೈದು ಕಿಲೋ ಬೀಜ ಹೋಗುತ್ತದೆ. ಯಾರ್ಯಾರು ಎಷ್ಟೆಷ್ಟು ಒಯ್ದರು ಎಂಬುದನ್ನು ಕೂಡಿಸಿದರೆ ಊರಿನ ತೊಗರಿ ಎಕರೆ ಜೂನ್ ಮೊದಲ ವಾರಕ್ಕೇ ತಿಳಿಯುತ್ತದೆ. ಮನೆಯ ಬೀಜ ಬಿತ್ತುವವರು ಇದರಲ್ಲಿ ಸಿಗುವುದಿಲ್ಲ, ಬೇರೆ ರಾಜ್ಯದ ಸುದ್ದಿಯೂ ಸಿಗುವುದಿಲ್ಲ. ಆದರೆ ನಾವು ಉಬ್ಬಿದ ವರ್ಷ ಉಳಿದವರೂ ಉಬ್ಬಿರುತ್ತಾರೆ ಎಂಬುದನ್ನು ಎರಡು ಸಲ ಕಂಡಿದ್ದೇವೆ.

ಮೊನ್ನೆಯ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಠರಾವು ಮಾಡಿದ್ದೇವೆ. ಬರುವ ಮೇ 15ರಿಂದ ಪ್ರತಿ ಸಂಜೆ ಬೀಜ ಮಾರಿದ ಲೆಕ್ಕ, ಪಕ್ಕದಲ್ಲಿ ಹೋದ ವರ್ಷದ ಅದೇ ದಿನದ ಲೆಕ್ಕ, ಸಂಘದ ಬಾಗಿಲ ಹಲಗೆಯ ಮೇಲೆ ಬರೆಯಲಾಗುವುದು. ಬೀಜ ಒಯ್ಯುವ ಮೊದಲು ಒಮ್ಮೆ ಓದಿರಿ. ಓದು ಬಾರದವರಿಗೆ ನಮ್ಮ ಗುಮಾಸ್ತರು ಓದಿ ಹೇಳುತ್ತಾರೆ.