ದಣಿವಿನ ಮೂಲಿಕೆಗಳು ಮತ್ತು ಮಧುಮೇಹ



ದಣಿವು ನೀಗಿಸುವುದೆಂದು ಮಾರಾಟವಾಗುವ ಮೂಲಿಕೆಗಳೆಲ್ಲವೂ ಒಂದೇ ಗುಣದವಲ್ಲ. ಲಡಾಖಿನಲ್ಲಿ ಸೋಲೋ ಎಂದು ಕರೆಯಲ್ಪಡುವ ರೋಡಿಯೋಲಾ ಚುರುಕು ನೀಡುವ ಸ್ವಭಾವದ್ದು. ಅದನ್ನು ಸಂಜೆ ಸೇವಿಸಿದರೆ ಕೆಲವರಿಗೆ ನಿದ್ರೆ ಬಾರದು. ಹಿರೇಮದ್ದು ಎನಿಸಿದ ಅಶ್ವಗಂಧವು ಇದಕ್ಕೆ ವ್ಯತಿರಿಕ್ತವಾಗಿ ತೂಕಡಿಕೆಯನ್ನು ತರಬಲ್ಲದು. ಜಿನ್ಸೆಂಗ್ ಕೆಲವರ ನಿದ್ರೆಯನ್ನು ಕೆಡಿಸುವುದಲ್ಲದೆ, ರಕ್ತದ ಸಕ್ಕರೆಯನ್ನೂ ಇಳಿಸಬಹುದು. ಈ ಇಳಿತ ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲವಾದ್ದರಿಂದ ಮುಂದಾಗಿ ಊಹಿಸುವುದು ಕಷ್ಟ.

ಗ್ಲಿಮೆಪಿರೈಡ್ ಮಾತ್ರೆ ಸೇವಿಸುವ ಮಧುಮೇಹಿಯೊಬ್ಬರು ಬೆಳಿಗ್ಗೆ ಜಿನ್ಸೆಂಗ್ ಗುಳಿಗೆಯನ್ನೂ ನುಂಗಿ, ಮಧ್ಯಾಹ್ನದ ಊಟವನ್ನು ತಡಮಾಡಿದರೆನ್ನೋಣ. ಮಾತ್ರೆಯೂ ಮೂಲಿಕೆಯೂ ಕೂಡಿ ಸಕ್ಕರೆ ತೀರ ಇಳಿದರೆ ಬೆವರು, ಕೈನಡುಕ, ಹಸಿವು, ಸುಸ್ತು ತೋರುತ್ತವೆ. ಇದನ್ನು ಹಳೆಯ ದಣಿವೆಂದೇ ಬಗೆದು ಇನ್ನೊಂದು ಗುಳಿಗೆ ನುಂಗುವುದು ಅಪಾಯಕರ. ಕೂಡಲೇ ರಕ್ತವನ್ನು ಪರೀಕ್ಷಿಸಬೇಕು. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 3 ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಚೇತರಿಸಿಕೊಂಡ ಮೇಲೆ ನಿಲ್ಲಿಸಬೇಕಾದುದು ಮೂಲಿಕೆಯನ್ನೇ ಹೊರತು ಮಧುಮೇಹದ ಮಾತ್ರೆಯನ್ನಲ್ಲ. ಗುಳಿಗೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ಮಾತ್ರೆಯ ಪ್ರಮಾಣವನ್ನು ಅವರಿಂದಲೇ ನಿರ್ಧರಿಸಿಕೊಳ್ಳತಕ್ಕದ್ದು.