ಅರ್ಧ ಶ್ಲೋಕದ ವಿಳಾಸ



ಸತ್ಯ ಹೇಳು, ಪ್ರಿಯವಾಗಿ ಹೇಳು, ಅಪ್ರಿಯವಾದ ಸತ್ಯ ಮಾತ್ರ ಹೇಳಬೇಡ ಅನ್ನುವ ಸಂಸ್ಕೃತದ ಮಾತು ನಮಗೆಲ್ಲ ಬಾಯಿಪಾಠ. ಇದು ಯಾರದು ಅಂತ ಕೇಳಿದರೆ ಒಬ್ಬರು ಚಾಣಕ್ಯ ಅನ್ನುತ್ತಾರೆ, ಇನ್ನೊಬ್ಬರು ಗೀತೆ ಅನ್ನುತ್ತಾರೆ. ಗೀತೆಯ 17ನೇ ಅಧ್ಯಾಯ ಮಾತು ಸತ್ಯವೂ ಪ್ರಿಯವೂ ಹಿತವೂ ಆಗಿರಲಿ ಅನ್ನುತ್ತದೆ, ನಿಜ. ಆದರೆ ಅಪ್ರಿಯ ಸತ್ಯವನ್ನು ಅದು ನಿಷೇಧಿಸುವುದಿಲ್ಲ. ವಿದುರನ ಹೆಸರು ಹೇಳುವವರೂ ಇದ್ದಾರೆ. ಪಾಪ, ಅವನು ಹೇಳಿದ್ದು ಇದರ ಉಲ್ಟಾ: ಕಹಿಯಾದರೂ ಹಿತವಾದದ್ದನ್ನು ಹೇಳುವವನೂ ಅಪರೂಪ, ಕೇಳುವವನೂ ಅಪರೂಪ.

ಶ್ಲೋಕ ಇರುವುದು ಮನುಸ್ಮೃತಿಯ 4ನೇ ಅಧ್ಯಾಯದಲ್ಲಿ, 138ನೆಯದು. ಹುಡುಕುವವರು ಎಡವುವ ಜಾಗ ಒಂದಿದೆ. ಅಚ್ಚಾದ ಪುಸ್ತಕಗಳ ಕೊನೆಯ ಶ್ಲೋಕಾನುಕ್ರಮಣಿಕೆ ಸಾಮಾನ್ಯವಾಗಿ ಮೊದಲ ಪಾದದ ಅಕಾರಾದಿಯಲ್ಲಿರುತ್ತದೆ. ನಿಷೇಧ ಬರುವುದು ಎರಡನೆಯ ಪಾದದಲ್ಲಿ. ಅದನ್ನೇ ನೆನಪಿಟ್ಟುಕೊಂಡವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಸಿಕ್ಕವರು ಮೂರನೆಯ ಪಾದವನ್ನೂ ಓದಬೇಕು. ಪ್ರಿಯವಾದರೂ ಸುಳ್ಳು ಹೇಳಬೇಡ ಅಂತ ಅಲ್ಲಿದೆ. ಹೊಗಳುಭಟ್ಟರು ಆ ಪಾದವನ್ನು ಜಾಣತನದಿಂದ ಮರೆಯುತ್ತಾರೆ.

ವಿಳಾಸ ಸಿಕ್ಕಮೇಲೆ ಅಕ್ಕಪಕ್ಕದ ಮನೆಗಳನ್ನೂ ನೋಡಬೇಕಲ್ಲ. 4ನೇ ಅಧ್ಯಾಯದ ಹೆಚ್ಚಿನ ಭಾಗ ವಿದ್ಯೆ ಮುಗಿಸಿದ ಗೃಹಸ್ಥನ ದಿನಚರಿ: ಹೇಗೆ ಉಣ್ಣಬೇಕು, ಎಲ್ಲಿ ಓಡಾಡಬೇಕು, ಯಾರೊಡನೆ ಜಗಳ ಕೂಡದು. ಮುಂದಿನ ಶ್ಲೋಕವೇ ಒಣ ವೈರ, ಒಣ ವಾದ ಬೇಡ ಅನ್ನುತ್ತದೆ. ವ್ಯಾಖ್ಯಾನಕಾರ ಕುಲ್ಲೂಕಭಟ್ಟ ಕೊಡುವ ಉದಾಹರಣೆಗಳೂ ಮನೆಯೊಳಗಿನವೇ. ಮಗ ಹುಟ್ಟಿದ ಅನ್ನುವುದು ಪ್ರಿಯ, ಮಗ ಸತ್ತ ಅನ್ನುವುದು ಅಪ್ರಿಯ.

ನ್ಯಾಯಸಭೆಯ ಮಾತು ಬಂದಾಗ ಅದೇ ಮನು ಬೇರೆ ದನಿಯಲ್ಲಿ ಮಾತಾಡುತ್ತಾನೆ. 8ನೇ ಅಧ್ಯಾಯದ 13ನೇ ಶ್ಲೋಕದ ಪ್ರಕಾರ ಸಭೆಗೆ ಹೋಗಲೇಬಾರದು, ಹೋದರೆ ಸರಿಯಾದದ್ದನ್ನು ಹೇಳಲೇಬೇಕು. ಬಾಯಿ ಮುಚ್ಚಿಕೊಂಡು ಕೂತವನಿಗೂ ಸುಳ್ಳು ಹೇಳಿದವನಿಗೂ ಪಾಪ ಒಂದೇ. ಇಷ್ಟಿದ್ದರೂ ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದ ಹುಡುಗನ ಬಾಯಿ ಮುಚ್ಚಿಸಲು ಹಿರಿಯರು ಎತ್ತಿಕೊಳ್ಳುವುದು 4ನೇ ಅಧ್ಯಾಯವನ್ನೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ನಮ್ಮ ಗಾದೆಗೆ ಸಂಸ್ಕೃತದ ಮುದ್ರೆ ಒತ್ತಿದಂತಾಯಿತು.

ಯಾಜ್ಞವಲ್ಕ್ಯಸ್ಮೃತಿ ಈ ನಿಷೇಧಕ್ಕೆ ಒಂದು ಷರತ್ತು ಹಾಕಿದೆ. ಕಾರಣವಿಲ್ಲದೆ ಅಪ್ರಿಯ ನುಡಿಯಬೇಡ ಅನ್ನುವುದಷ್ಟೇ ಅದರ ವಿಧಿ. ಕಾರಣವಿದ್ದರೆ ನುಡಿಯಬಹುದು ಅಂತಾಯಿತು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದವನು, ಕಲ್ಯಾಣದವನು, ಅಂದರೆ ಇಂದಿನ ಬಸವಕಲ್ಯಾಣ.

ಮೊದಲ ಗೋಷ್ಠಿಯಲ್ಲಿ ಈ ಮೂರು ಶ್ಲೋಕಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದೋಣ. ಯಾವ ಕಾರಣ ಸಾಕು, ಅದನ್ನು ತೀರ್ಮಾನಿಸುವವರು ಯಾರು, ಚರ್ಚೆ ಅಲ್ಲಿಂದ ಶುರುವಾಗಲಿ.